ಸಹಾಯ ಬೇಕು: ಉದಯನನ ಉತ್ತರ ಯಾವ ಸಾಲಿಗೆ?

ನಮಸ್ಕಾರ. ತುಮಕೂರಿನಲ್ಲಿ ತತ್ವಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಚಾರ್ವಾಕರ ಕುರಿತ ಉಪನ್ಯಾಸವನ್ನು ಹೀಗೆ ಇಳಿಸಿದ್ದೇನೆ:

1. ಹೊಗೆಯಿಂದ ಬೆಂಕಿಯನ್ನು ಊಹಿಸಲು ‘ಹೊಗೆಯಿದ್ದಲ್ಲೆಲ್ಲ ಬೆಂಕಿಯಿದೆ’ ಎಂಬ ವ್ಯಾಪ್ತಿ ತಿಳಿದಿರಬೇಕು.
2. ಪ್ರತ್ಯಕ್ಷ ಕಂಡಷ್ಟನ್ನೇ ಹೇಳುತ್ತದೆ; ‘ಎಲ್ಲೆಲ್ಲೂ’ ಎನ್ನುವುದಿಲ್ಲ.
3. ಆ ವ್ಯಾಪ್ತಿಯನ್ನು ಅನುಮಾನದಿಂದಲೇ, ಅಂದರೆ ಇಂಥದೇ ಊಹೆಯಿಂದ, ತಿಳಿಯುವುದಾದರೆ ಅದಕ್ಕೆ ಇನ್ನೊಂದು ವ್ಯಾಪ್ತಿ ಬೇಕು, ಹೀಗೆ ಕೊನೆಯಿಲ್ಲದ ಅನವಸ್ಥೆ.
4. ಆದ್ದರಿಂದ ಅನುಮಾನ ಪ್ರಮಾಣವಲ್ಲ.

ಬರೆದ ಮೇಲೆ ಬಿರುಕು ಕಂಡಿತು. ‘ಬೇರೆ ದಾರಿಯಿಲ್ಲ’ ಎಂಬ ಆಧಾರವಾಕ್ಯವಿಲ್ಲದೆ 4 ಹೊರಡುವುದಿಲ್ಲ. ಮೇಷ್ಟ್ರು ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ನನ್ನ ಟಿಪ್ಪಣಿಯಲ್ಲಿ ಆವರಣದೊಳಗೆ ಸೇರಿಸಿಕೊಂಡಿದ್ದೇನೆ.

ಸಿಕ್ಕಿಕೊಂಡಿರುವುದು ಈ ವಾದಕ್ಕೆ ನ್ಯಾಯದರ್ಶನದ ಉದಯನ ಕೊಡುವ ಉತ್ತರದಲ್ಲಿ. ಊಟಕ್ಕೆ ಕೈಹಾಕುವವನು ಅದು ಹಸಿವು ತಣಿಸೀತೇ ಎಂದು ಶಂಕಿಸುತ್ತ ಕೂರುವುದಿಲ್ಲ. ನಡತೆಗೇ ವಿರುದ್ಧವಾದಾಗ ಶಂಕೆ ನಿಲ್ಲುತ್ತದೆ ಎಂಬುದು ಅವನ ಉತ್ತರದ ತಿರುಳು. ಇದನ್ನು 2ರ ನಿರಾಕರಣೆ ಎಂದು ಬರೆಯಲೇ, ಅಥವಾ ‘ಶಂಕೆ ಉಳಿದರೆ ಜ್ಞಾನವಿಲ್ಲ’ ಎಂಬ ಇನ್ನೊಂದು ಅಡಗಿದ ವಾಕ್ಯವನ್ನು ಮೊದಲು ಹೊರತೆಗೆಯಲೇ? ಎರಡನೆಯದೇ ಸರಿಯೆನಿಸುತ್ತದೆ. ನ್ಯಾಯದರ್ಶನ ಓದಿದವರು ದಯವಿಟ್ಟು ತಿದ್ದಿ.