ಅಪ್‌ಡೇಟ್: ಆಯಿಲ್ ನಾನೇ ಕೊಂಡೆ, ಲೆಕ್ಕ ಇಲ್ಲಿದೆ

ನಾನು ಕೇಳಿದ್ದು: "ವಾರಂಟಿ ಮುಗಿದ ಪೆಟ್ರೋಲ್ ಕಾರು. ಎಲ್ಲಾ ಆಯಿಲ್ ನಾನೇ ತಂದರೆ ಮೈಸೂರಲ್ಲಿ ಅಧಿಕೃತ ಸರ್ವಿಸ್ ಸೆಂಟರ್ ಲಾಭವೋ, ಹೊರಗಿನ ಗ್ಯಾರೇಜೋ?"

ಸರ್ವಿಸ್ ಸೆಂಟರ್‌ನವರು ಹೊರಗಿನ ಆಯಿಲ್ ಹಾಕಲ್ಲ ಅಂದರು. ಅವರ ಎಸ್ಟಿಮೇಟ್ ₹9,800: ಸಾಮಾನು ₹5,300, ಟ್ಯಾಕ್ಸ್ ಸೇರಿ ಲೇಬರ್ ₹4,500. ಬನ್ನಿಮಂಟಪದ ಗ್ಯಾರೇಜಲ್ಲಿ ಮಾಡಿಸಿದೆ. ಇಂಜಿನ್ ಆಯಿಲ್, ಫಿಲ್ಟರ್, ಗೇರ್ ಆಯಿಲ್, ಕೂಲಂಟ್, ಬ್ರೇಕ್ ಆಯಿಲ್ ಎಲ್ಲಾ ನಾನೇ ತಂದದ್ದು ₹4,700, ಲೇಬರ್ ₹1,600. ಒಟ್ಟು ₹6,300.

ಅಂದರೆ ಉಳಿದ ₹3,500ರಲ್ಲಿ ಸಾಮಾನಿನದು ಬರೀ ₹600, ಮಿಕ್ಕಿದ್ದೆಲ್ಲ ಲೇಬರ್. ಹಾಗಾಗಿ ಅಗ್ಗದ ಆಯಿಲ್ ಹುಡುಕಬೇಡಿ. ಮ್ಯಾನುಯಲ್‌ನಲ್ಲಿರುವ ಗ್ರೇಡನ್ನೇ ಬಿಲ್ ಸಮೇತ ಕೊಳ್ಳಿ.

ಪಕ್ಕದಲ್ಲೇ ನಿಂತು ನೋಡಿದೆ. ಬ್ಲೀಡ್ ಮಾಡುವಾಗ ಬ್ರೇಕ್ ಆಯಿಲ್ ಮೊದಲು ಕಾಫಿ ಡಿಕಾಕ್ಷನ್ ಥರ ಬಂತು. ನಾಲ್ಕೂ ಚಕ್ರದಲ್ಲಿ ತಿಳಿಯಾಗೋವರೆಗೂ ಬಿಡಿಸಿದೆ. ಮಾರನೇ ಬೆಳಿಗ್ಗೆ ಕೂಲಂಟ್ ಎರಡು ಬೆರಳು ಇಳಿದಿತ್ತು. ಕೆಳಗೆ ಒಂದು ಹನಿಯೂ ಬಿದ್ದಿರಲಿಲ್ಲ, ಒಳಗೆ ಸಿಕ್ಕಿದ್ದ ಗಾಳಿ ಹೊರಗೆ ಬಂದಿದೆ ಅಷ್ಟೆ. ಇಂಜಿನ್ ತಣ್ಣಗಿರುವಾಗಲೇ ಉಳಿದ ಕೂಲಂಟ್ ತುಂಬಿದೆ. ವಾರವಾಯಿತು, ಮತ್ತೆ ಇಳಿದಿಲ್ಲ.