ಮೋಟರ್ ಆನ್ ಆಗಿ ಹನ್ನೆರಡು ನಿಮಿಷಕ್ಕೆ ಬೋರ್ಡ್ ರೀಸೆಟ್: 7805 ಇಡಲಾ, ಬಕ್ ಹಾಕಲಾ?

ಸಂಪ್_ಕಾವಲು

ಎಲ್ಲರಿಗೂ ನಮಸ್ಕಾರ. ಜೆ.ಪಿ. ನಗರದ ನಮ್ಮ ಮನೆಯ ಸಂಪ್‌ಗೆ ಒಂದು ಕಂಟ್ರೋಲರ್ ಮಾಡಿದ್ದೇನೆ. ಇಎಸ್‌ಪಿ32 ಬೋರ್ಡ್, ನೀರಿನ ಮಟ್ಟ ನೋಡೋಕೆ ಅಲ್ಟ್ರಾಸಾನಿಕ್ ಸೆನ್ಸರ್, ಎರಡು 5 ವೋಲ್ಟ್ ರಿಲೇ. ಒಂದು ರಿಲೇ ಮೋಟರ್ ಕಾಂಟ್ಯಾಕ್ಟರ್‌ಗೆ, ಇನ್ನೊಂದು ವಾಲ್ವ್‌ಗೆ. 12 ವೋಲ್ಟ್ ಅಡಾಪ್ಟರ್, ಅದರಿಂದ 7805 ಮೂಲಕ 5 ವೋಲ್ಟ್. ಎಲ್ಲ ಒಂದು ಮುಚ್ಚಿದ ಪ್ಲಾಸ್ಟಿಕ್ ಡಬ್ಬದಲ್ಲಿದೆ.

ಮೋಟರ್ ಆಫ್ ಇದ್ದಾಗ ದಿನಗಟ್ಟಲೆ ಆರಾಮಾಗಿ ನಡೆಯುತ್ತದೆ. ಮೋಟರ್ ಆನ್ ಆಗಿ ಹತ್ತು ಹನ್ನೆರಡು ನಿಮಿಷಕ್ಕೆ ಬೋರ್ಡ್ ರೀಸೆಟ್. ರಿಲೇ ಟಕ್ ಅಂತ ಬೀಳುತ್ತದೆ, ಮೋಟರ್ ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಶುರು. ಆಮೇಲೆ ಎರಡು ಮೂರು ನಿಮಿಷಕ್ಕೊಮ್ಮೆ ಇದೇ ಕಥೆ. ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಹಾಕಿ ನೋಡಿದರೆ ಒಂದು ಗಂಟೆಯಾದರೂ ರೀಸೆಟ್ ಆಗಲ್ಲ! ಕೋಡ್ ತಪ್ಪಾ, ಪವರ್ ತಪ್ಪಾ?

ಕಾಯಿಲ್_ಕಿಟ್ಟಿ

ಪವರ್ ಅಲ್ಲ ಗುರು. 7805 ಒಂದು ಆಂಪ್‌ದು. ನಿಮ್ಮ ಲೋಡ್ ಅದರ ಅರ್ಧಾನೂ ಇರಲ್ಲ. ಇದು ಕಾಂಟ್ಯಾಕ್ಟರ್ ನಾಯ್ಸ್. ನಮ್ಮ ಗ್ಯಾರೇಜಿನ ಶಟರ್ ಮೋಟರ್‌ಗೆ ಇದೇ ಆಗ್ತಿತ್ತು, ಕಾಯಿಲ್‌ಗೆ ಅಡ್ಡ ಸ್ನಬ್ಬರ್ ಹಾಕಿದೆ, ಸರಿಹೋಯಿತು.

ಬೆಸುಗೆ

ಕಿಟ್ಟಿ, ನಾಯ್ಸ್ ಆಗಿದ್ದರೆ ಕಾಂಟ್ಯಾಕ್ಟರ್ ಕೂತ ಕ್ಷಣ ಅಥವಾ ಬಿಟ್ಟ ಕ್ಷಣ ರೀಸೆಟ್ ಆಗಬೇಕು. ಹನ್ನೆರಡು ನಿಮಿಷ ಕಾಯಲ್ಲ. ಮೊದಲ ಸಲ ಹನ್ನೆರಡು, ಆಮೇಲೆ ಮೂರು ನಿಮಿಷ ಅಂದರೆ ಯಾವುದೋ ಬಿಸಿಯಾಗುತ್ತಿದೆ, ಪೂರ್ತಿ ಆರುವ ಮೊದಲೇ ಮತ್ತೆ ಕೆಲಸಕ್ಕೆ ಇಳಿಯುತ್ತಿದೆ.

ಸಂಪ್ ಕಾವಲು ಅವರೇ, ಅಡಾಪ್ಟರ್ ಕಡೆಯ ಕರೆಂಟ್ ಅಳೆಯಿರಿ. 7805ಗೆ ಒಳಗೆ ಹೋಗುವ ಕರೆಂಟ್, ಹೊರಗೆ ಬರುವ ಕರೆಂಟ್ ಹೆಚ್ಚುಕಮ್ಮಿ ಒಂದೇ, ಹಾಗಾಗಿ 12 ವೋಲ್ಟ್ ಕಡೆ ಅಳೆದರೆ ಸಾಕು. ಇನ್ನೊಂದು, ಮೋಟರ್ ವೈರ್ ಬಿಚ್ಚಿ ಬರೀ ರಿಲೇ ಆನ್ ಇಟ್ಟು ನೋಡಿ. ಯುಎಸ್‌ಬಿ ಹಾಕಬೇಡಿ. 7805 ಕೈಕೊಟ್ಟ ಕ್ಷಣ ಲ್ಯಾಪ್‌ಟಾಪಿನ 5 ವೋಲ್ಟ್ ಬೋರ್ಡನ್ನು ಎತ್ತಿ ಹಿಡಿಯುತ್ತದೆ, ತಪ್ಪು ಮುಚ್ಚಿಹೋಗುತ್ತದೆ.

ಸಂಪ್_ಕಾವಲು

ನೋಡಿದೆ ಮೇಡಂ. ರಿಲೇ ಆಫ್ ಇದ್ದಾಗ 150 ಮಿಲಿಆಂಪ್ ಆಸುಪಾಸು, ಎರಡೂ ಆನ್ ಆದರೆ 300. ಮೋಟರ್ ವೈರ್ ಬಿಚ್ಚಿದರೂ ಹದಿಮೂರನೇ ನಿಮಿಷಕ್ಕೆ ರೀಸೆಟ್. 7805ನ ಔಟ್‌ಪುಟ್‌ಗೆ ಮೀಟರ್ ಹಿಡಿದು ಕೂತಿದ್ದೆ. 5.02 ಇದ್ದದ್ದು ಒಮ್ಮೆಲೇ 3ರ ಕೆಳಗೆ ಜಾರಿತು. ಐಸಿಗೆ ಬೆರಳು ಇಟ್ಟೆ, ಚುರ್ರ್ ಅಂತು. ಬೊಬ್ಬೆ ಬಂದಿದೆ.

ಬೆಸುಗೆ

ಬೆರಳು ಇಡಬಾರದಿತ್ತು ಮಾರಾಯ್ರೆ. ಒದ್ದೆ ಬಟ್ಟೆಯ ತುದಿ ತಾಗಿಸಿದರೆ ಸಾಕಿತ್ತು.

ಲೆಕ್ಕ ನೋಡಿ. ಲೀನಿಯರ್ ರೆಗ್ಯುಲೇಟರ್ ಉಳಿದ ವೋಲ್ಟನ್ನು ಬಿಸಿಯಾಗಿ ಸುಡುತ್ತದೆ, ಬೇರೇನೂ ಮಾಡಲ್ಲ.

(12 − 5) × 0.3 = 2.1 ವ್ಯಾಟ್

ಹೀಟ್‌ಸಿಂಕ್ ಇಲ್ಲದ 7805 ಒಂದು ವ್ಯಾಟ್‌ಗೆ ಸುಮಾರು 60 ಡಿಗ್ರಿ ಏರುತ್ತದೆ ಅಂತ ಇಟ್ಟುಕೊಳ್ಳಿ. 2.1ಕ್ಕೆ 126 ಡಿಗ್ರಿ. ಮುಚ್ಚಿದ ಡಬ್ಬದ ಒಳಗೆ 40 ಇದ್ದರೆ ಒಟ್ಟು 166. ಅಷ್ಟಕ್ಕೆ ಹೋಗುವ ಮೊದಲೇ, 150ರ ಆಸುಪಾಸಿನಲ್ಲಿ ಐಸಿ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ನಿಮ್ಮ ರೀಸೆಟ್ ಅದೇ. ರಿಲೇ ಆಫ್ ಇದ್ದಾಗ ಬರೀ ಒಂದು ವ್ಯಾಟ್, ನೂರು ಡಿಗ್ರಿ ಚಿಲ್ಲರೆ. ಬಿಸಿ ಹೌದು, ಆದರೆ ಬದುಕುತ್ತದೆ. ಅದಕ್ಕೇ ದಿನಗಟ್ಟಲೆ ಸುಮ್ನೆ ಇತ್ತು.

7805 ಮೇಲೆ ಬರೆದಿರುವ ಒಂದು ಆಂಪ್, ಅದರ ಬಿಸಿಯನ್ನು ನೀವು ಹೊರಗೆ ಸಾಗಿಸಿದರೆ ಮಾತ್ರ.

ಕಾಯಿಲ್_ಕಿಟ್ಟಿ

ಒಪ್ಪಿದೆ ಮೇಡಂ. ಹಾಗಾದರೆ 7805 ಮುಂದೆ 10 ಓಮ್, 5 ವ್ಯಾಟ್ ರೆಸಿಸ್ಟರ್ ಸೀರೀಸ್‌ನಲ್ಲಿ ಹಾಕಿ. 3 ವೋಲ್ಟ್ ಅದೇ ತಿಂದುಹಾಕುತ್ತದೆ. ಹತ್ತು ರೂಪಾಯಿ ಕೆಲಸ.

ಬೆಸುಗೆ

ತಪ್ಪಲ್ಲ. 7805 ಮೇಲಿನ ಹೊರೆ 1.2 ವ್ಯಾಟ್‌ಗೆ ಇಳಿಯುತ್ತದೆ. ಆದರೆ ಉಳಿದ 0.9 ವ್ಯಾಟ್ ರೆಸಿಸ್ಟರ್‌ನಿಂದ ಅದೇ ಡಬ್ಬದೊಳಗೆ ಬರುತ್ತದೆ. ಅಡುಗೆಮನೆಯ ಒಲೆಯನ್ನು ಹಾಲ್‌ಗೆ ಎತ್ತಿಟ್ಟ ಹಾಗೆ, ಮನೆ ಮಾತ್ರ ತಂಪಾಗಲ್ಲ. ಜೊತೆಗೆ ವೈಫೈ ಡೇಟಾ ಕಳಿಸುವಾಗ ಕರೆಂಟ್ ಒಂದು ಕ್ಷಣ 500 ಮಿಲಿಆಂಪ್‌ವರೆಗೆ ಜಿಗಿಯಬಹುದು. ಆಗ ರೆಸಿಸ್ಟರ್ 5 ವೋಲ್ಟ್ ತಿನ್ನುತ್ತದೆ, 7805ಗೆ ಉಳಿಯುವುದು 7. ಅದಕ್ಕೆ ಬೇಕಾದ್ದೇ ಸುಮಾರು 7. ದೊಡ್ಡ ಕೆಪಾಸಿಟರ್ ಇಟ್ಟರೆ ದಾಟಬಹುದು, ಆದರೆ ಅಂಚಿನಲ್ಲಿ ನಡೆದ ಹಾಗೆ.

ಹೀಟ್‌ಸಿಂಕ್ ಕಥೆಯೂ ಇಷ್ಟೇ. ಮೆಟಲ್ ಡಬ್ಬ ಆಗಿದ್ದರೆ 7805ನ ಬೆನ್ನನ್ನು ಡಬ್ಬಕ್ಕೇ ಸ್ಕ್ರೂ ಮಾಡಿ ಮುಗಿಸಿ ಅಂತಿದ್ದೆ. ಆ ಬೆನ್ನು ಗ್ರೌಂಡೇ, ಮೈಕಾ ಕೂಡ ಬೇಡ. ಪ್ಲಾಸ್ಟಿಕ್‌ನಲ್ಲಿ ಹೀಟ್‌ಸಿಂಕ್ ಒಳಗಿನ ಗಾಳಿಯನ್ನೇ ಕಾಯಿಸುತ್ತದೆ.

ಇಲ್ಲಿಗೆ ಬಕ್ಕೇ ಸರಿ. ಅದು ಉಳಿದ ವೋಲ್ಟನ್ನು ಸುಡಲ್ಲ, ಬೇಗ ಬೇಗ ಆನ್ ಆಫ್ ಮಾಡಿ ಇಳಿಸುತ್ತದೆ. ನಿಮ್ಮ ಲೋಡ್ 1.5 ವ್ಯಾಟ್. 80 ಪರ್ಸೆಂಟ್ ಎಫಿಶಿಯೆನ್ಸಿ ಸಿಕ್ಕಿದರೂ ಬಿಸಿಯಾಗಿ ಹೋಗುವುದು 0.4 ವ್ಯಾಟ್. ಅಡಾಪ್ಟರ್ ಕಡೆ ಕರೆಂಟ್ 300ರಿಂದ 160ಕ್ಕೆ ಇಳಿದದ್ದು ನಿಮ್ಮ ಮೀಟರ್‌ನಲ್ಲೇ ಕಾಣುತ್ತದೆ.

ಮೀಡಿಯಂವೇವ್_ತಾತ

ಬಕ್ ಮಾತ್ರ ಬೇಡಪ್ಪಾ. ನನ್ನ ಹಳೇ ರೇಡಿಯೋಗೆ ಎಲ್‌ಎಂ2596 ಮಾಡ್ಯೂಲ್ ಹಾಕಿದೆ. ಬೆಂಗಳೂರು ಆಕಾಶವಾಣಿ 612ರಲ್ಲಿ ವಾರ್ತೆ ಬದಲು ಬರೀ ಗುಂಯ್. ಅದು 150 ಕಿಲೋಹರ್ಟ್ಸ್‌ನಲ್ಲಿ ಆನ್ ಆಫ್ ಆಗುತ್ತದೆ, ಅದರ ನಾಲ್ಕರಷ್ಟು ಎಲ್ಲಿ ಬಂತು ನೋಡಿ! ಕಿತ್ತು 7805 ಹಾಕಿದೆ, ಈಗ ಸ್ವಚ್ಛ.

ಬೆಸುಗೆ

ತಾತ, ನಿಮ್ಮ ರೇಡಿಯೋಗೆ ನಾನೂ 7805ನೇ ಹಾಕುತ್ತಿದ್ದೆ. ಅದು ಎಳೆಯುವುದು ಕೆಲವು ಹತ್ತು ಮಿಲಿಆಂಪ್, ಬಿಸಿ ಲೆಕ್ಕಕ್ಕೇ ಇಲ್ಲ. ಸಂಪ್ ಬೋರ್ಡ್ ವಾರ್ತೆ ಕೇಳಲ್ಲ.

ಸಂಪ್_ಕಾವಲು

ಎಸ್.ಪಿ. ರೋಡ್‌ನಿಂದ ಎಲ್‌ಎಂ2596 ಮಾಡ್ಯೂಲ್ ತಂದೆ. ಒಂದು ಡೌಟ್. ಪಾಟ್ ಸ್ಕ್ರೂ ಎಂಟು ಹತ್ತು ಸುತ್ತು ತಿರುಗಿಸಿದರೂ ಔಟ್‌ಪುಟ್ 11ರ ಮೇಲೇ ನಿಂತಿದೆ. ಡೂಪ್ಲಿಕೇಟ್ ಕೊಟ್ಟರಾ?

ಬೆಸುಗೆ

ಬೋರ್ಡ್ ಸೇರಿಸಿಲ್ಲ ತಾನೇ? ಅದು ಬಹಳ ಸುತ್ತಿನ ಪಾಟ್. ಒಂದೇ ದಿಕ್ಕಿಗೆ ತಿರುಗಿಸುತ್ತಲೇ ಹೋಗಿ, ಸುಮಾರು ಹೊತ್ತು ಏನೂ ಆಗಲ್ಲ, ಆಮೇಲೆ ಒಮ್ಮೆಲೇ ಇಳಿಯೋಕೆ ಶುರುವಾಗುತ್ತದೆ. 5.0ಗೆ ತಂದು, 10 ಓಮ್ ರೆಸಿಸ್ಟರ್ ಲೋಡ್ ಕೊಟ್ಟು (ಕಿಟ್ಟಿ ಹೇಳಿದ 5 ವ್ಯಾಟ್‌ದೇ ಆಗುತ್ತದೆ) ಮತ್ತೆ ನೋಡಿ. ನಿಂತರೆ ಸ್ಕ್ರೂ ಮೇಲೆ ಒಂದು ಹನಿ ನೇಲ್ ಪಾಲಿಶ್. ಆಮೇಲಷ್ಟೇ ಬೋರ್ಡ್.

ಸಂಪ್_ಕಾವಲು

ಇಪ್ಪತ್ತು ಸುತ್ತಿನ ಹತ್ತಿರ ಇಳಿಯಿತು! ಹೆಂಡತಿಯ ನೇಲ್ ಪಾಲಿಶ್ ಬಿದ್ದಿದೆ, ಮೆರೂನ್. ನಿನ್ನೆ ಮೋಟರ್ 40 ನಿಮಿಷ ನಡೆಯಿತು, ಒಂದೂ ರೀಸೆಟ್ ಇಲ್ಲ. ಅಡಾಪ್ಟರ್ ಕಡೆ 165 ಮಿಲಿಆಂಪ್. ಮಾಡ್ಯೂಲ್ ಬೆಚ್ಚಗಿದೆ, ಅಷ್ಟೇ.

ಆದರೆ ಹೊಸ ತಲೆನೋವು. ಸೆನ್ಸರ್ ರೀಡಿಂಗ್ ಎರಡು ಮೂರು ಸೆಂಟಿಮೀಟರ್ ಕುಣಿಯುತ್ತಿದೆ. ಮೊದಲು ಇಷ್ಟು ಇರಲಿಲ್ಲ ಅನ್ನಿಸುತ್ತದೆ.

ಮೀಡಿಯಂವೇವ್_ತಾತ

ನಾನು ಹೇಳಲಿಲ್ವಾ?

ಬೆಸುಗೆ

ಇರಬಹುದು ತಾತ, ಇಲ್ಲ ಅನ್ನಲ್ಲ. ಪರೀಕ್ಷೆ ಸುಲಭ. ಬಕ್ ಬಿಚ್ಚಿ, ಯುಎಸ್‌ಬಿಗೆ ಒಂದು ಪವರ್ ಬ್ಯಾಂಕ್ ಕೊಟ್ಟು ರೀಡಿಂಗ್ ನೋಡಿ. ಅದರಲ್ಲೂ ಸ್ವಿಚಿಂಗ್ ಇದೆ, ಆದರೂ ಈ ಮಾಡ್ಯೂಲ್ ಅಂತೂ ಇರಲ್ಲ. ಕುಣಿತ ನಿಂತರೆ ಸೆನ್ಸರ್‌ನ ಸಪ್ಲೈ ಪಿನ್ ಹತ್ತಿರ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ನಿಲ್ಲದಿದ್ದರೆ ಪೈಪಿನಿಂದ ಬೀಳುವ ನೀರಿನ ಅಲೆ ಇರಬೇಕು. ಮೊದಲು ಮೋಟರ್ ಇಷ್ಟು ಹೊತ್ತು ನಡೆದೇ ಇರಲಿಲ್ಲ, ಸಂಪ್ ಇಷ್ಟು ಇಳಿದೂ ಇರಲಿಲ್ಲ, ಅಲ್ವಾ?

ಸಂಪ್_ಕಾವಲು

ಅದೂ ಹೌದು. ಗುರುವಾರ ಕಾವೇರಿ ನೀರು ಬಿಡುತ್ತಾರೆ. ನೀರು ಬೀಳುವಾಗ ಒಮ್ಮೆ, ನಿಂತ ಮೇಲೆ ಒಮ್ಮೆ ನೋಡಿ ಹಾಕುತ್ತೇನೆ.