ಅಪ್‌ಡೇಟ್: ಟೀಚರ್ ಕೆಲಸದಿಂದ ಕಾರ್ಪೊರೇಟ್ ಟ್ರೇನಿಂಗ್‌ಗೆ, ಕವರ್ ಲೆಟರ್ ಕಥೆ

ನಾನು ಹಿಂದೆ ಇಲ್ಲಿ ಕೇಳಿದ್ದು: "11 ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ್ದೇನೆ. ಟ್ರೇನರ್ ಹುದ್ದೆಯ ಕವರ್ ಲೆಟರ್‌ನಲ್ಲಿ ಏನು ಬರೆಯಲಿ?"

ಹಳೇ ಪತ್ರ ಶುರುವಾಗುತ್ತಿದ್ದದ್ದೇ "ಕಲಿಸುವುದೆಂದರೆ ನನಗೆ ಪ್ರಾಣ" ಅಂತ. ಒಂಬತ್ತು ಕಡೆ ಕಳಿಸಿದರೂ ಒಂದು ಫೋನೂ ಬರಲಿಲ್ಲ. ನೀವು "ದೊಡ್ಡವರಿಗೆ ಯಾವಾಗ ಕಲಿಸಿದ್ದೀರಿ?" ಅಂತ ಕೇಳಿದ ಮೇಲೆ ನೆನಪಾಯಿತು: ಶಾಲೆಗೆ ಅಂಕ ತುಂಬುವ ಹೊಸ ಸಾಫ್ಟ್‌ವೇರ್ ಬಂದಾಗ 14 ಸಹೋದ್ಯೋಗಿಗಳಿಗೆ ಅದನ್ನು ಹೇಳಿಕೊಟ್ಟಿದ್ದು ನಾನೇ!

ಹೊಸ ಪತ್ರದ ಮೊದಲ ಪ್ಯಾರಾ, ಕನ್ನಡದಲ್ಲಿ ಹೇಳುವುದಾದರೆ, ಹೀಗಿತ್ತು: "ಎಲ್ಲಿ ತಪ್ಪುತ್ತಿದ್ದಾರೆ ಎಂದು ಮೊದಲು ಪಕ್ಕದಲ್ಲಿ ಕೂತು ನೋಡಿದೆ. ಆಮೇಲೆ ಅರ್ಧ ದಿನದ ಎರಡು ಸೆಷನ್ ಮಾಡಿದೆ. ಮುಂದಿನ ಪರೀಕ್ಷೆಯಲ್ಲಿ 14 ಜನರಲ್ಲಿ 12 ಜನ ಯಾರ ಸಹಾಯವೂ ಇಲ್ಲದೆ ಅಂಕ ತುಂಬಿದರು."

ಕೊನೆಯ ವಾಕ್ಯವೇ ಕೆಲಸ ಮಾಡಿತು. ಟ್ರೇನಿಂಗ್ ಅಳೆಯಲು ಕರ್ಕ್‌ಪ್ಯಾಟ್ರಿಕ್ ಮಾದರಿಯಲ್ಲಿ ನಾಲ್ಕು ಹಂತಗಳಿವೆ: ಬಂದವರಿಗೆ ಇಷ್ಟವಾಯಿತೇ, ಕಲಿತರೇ, ಕೆಲಸದಲ್ಲಿ ಬಳಸಿದರೇ, ಸಂಸ್ಥೆಗೆ ಫಲ ಸಿಕ್ಕಿತೇ. ನನ್ನ ವಾಕ್ಯ ಮೂರನೆಯದನ್ನು ಮುಟ್ಟಿತ್ತು. ನಾಲ್ಕನೆಯದಕ್ಕೆ ನನ್ನ ಬಳಿ ಲೆಕ್ಕವಿರಲಿಲ್ಲ, ಹಾಗಾಗಿ ಬರೆಯಲಿಲ್ಲ. ಎಸ್‌ಎಸ್‌ಎಲ್‌ಸಿ ಫಲಿತಾಂಶವನ್ನೂ ತೆಗೆದೆ. ಅದು ಮಕ್ಕಳದ್ದು, ಈ ಹುದ್ದೆಗೆ ಸಾಕ್ಷಿಯಲ್ಲ. "ಕಂಪನಿಯಲ್ಲಿ ಕೆಲಸ ಮಾಡಿಲ್ಲ" ಅನ್ನುವುದನ್ನು ಮಾತ್ರ ಒಂದೇ ಸಾಲಲ್ಲಿ ನೇರವಾಗಿ ಹೇಳಿದೆ.

ಐದು ಕಡೆ ಕಳಿಸಿದೆ, ಎರಡು ಕಡೆಯಿಂದ ಕರೆ ಬಂತು. ಎರಡರಲ್ಲೂ ಮೊದಲ ಪ್ರಶ್ನೆ ಒಂದೇ: "ಉಳಿದ ಇಬ್ಬರಿಗೆ ಏನಾಯಿತು?" ಕೀಬೋರ್ಡಿನ ಭಯವಿತ್ತು, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹೇಳಿಕೊಟ್ಟೆ ಅಂದೆ. ಗುರುವಾರ ಹತ್ತು ನಿಮಿಷದ ಡೆಮೊ ಸೆಷನ್ ಇದೆ.